ಎಳ್ಳಮಾವಾಸ್ಯೆಯ ಮರುದಿನದ ನಲವತ್ತೇಳು ನಿಮಿಷ

ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗ ಎಂದರೆ ನಾನು, ಒಂದು ಫ್ಯಾನು, ಮೂರು ಯಂತ್ರ. ಗೇಟಿನ ಕಾಟಾದಲ್ಲಿ ತೂಗಿದ ಕಬ್ಬಿನ ಲೆಕ್ಕವನ್ನು ಕಚೇರಿಯ ಸರ್ವರಿಗೆ ತರುವ ಸಿಂಕ್ ಕೆಲಸ ದಿನಾ ಹನ್ನೆರಡಕ್ಕೆ ಶುರುವಾಗುತ್ತದೆ. ಒಂದು ಗಂಟೆಗೆ ಇನ್ನೊಂದು ಪ್ರೋಗ್ರಾಂ ತಾನಾಗಿ ಎದ್ದು, ಯಾರ ಹೊಲದ ಕಬ್ಬು ನಾಳೆ ಕಡಿಯಬೇಕೆಂದು ಸರದಿಯ ಚೀಟಿ ಅಚ್ಚು ಹಾಕುತ್ತದೆ. ಸಿಂಕ್ ಮುಗಿದಿದೆಯೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಅದಕ್ಕೆ ಗಡಿಯಾರ ಒಂದೇ ಗೊತ್ತು.

ಹಿಂದಿನ ಹಂಗಾಮಿನಲ್ಲಿ ಒಮ್ಮೆ ಸಿಂಕ್ ಒಂದು ಗಂಟೆ ದಾಟಿತ್ತು. ಅರ್ಧ ಲೆಕ್ಕದ ಮೇಲೆ ಚೀಟಿ ಬಂದವು. ಕಡಿದು ಮುಗಿದ ಹೊಲಕ್ಕೆ ಮತ್ತೆ ಚೀಟಿ, ಕಾಯುತ್ತಿದ್ದವರಿಗೆ ಇಲ್ಲ. ಬೇಡಕಿಹಾಳದ ಬರೇ ಹೊಲಕ್ಕೆ ಕಬ್ಬು ಕಡಿಯುವ ಟೋಳಿಯವರು ಕುಡಗೋಲು ಹಿಡಿದು ಹೋಗಿ ವಾಪಸ್ ಬಂದರು. ಸರದಿ ತಪ್ಪಿದ ರೈತರು ನನ್ನ ಮೇಜಿನ ಮುಂದೆ ನಿಂತು ಬಾಯಿಗೆ ಬಂದಂತೆ ಬೈದರು. ಅವರ ಸಿಟ್ಟು ನ್ಯಾಯದ್ದೇ ಆಗಿತ್ತು, ಅದೇ ನನಗೆ ಚುಚ್ಚಿದ್ದು. ಇನ್ನೊಮ್ಮೆ ಹಾಗಾಗಬಾರದೆಂದು ಹಟ ಹಿಡಿದೆ.

ಈ ಹಂಗಾಮು ಶುರುವಾದ ದಿನದಿಂದ, ನಮ್ಮವ್ವ ಹಾಲಿನ ಲೀಟರು ಬರೆಯುತ್ತಿದ್ದ ಹಾಗೆ, ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಸಿಂಕ್ ತೆಗೆದುಕೊಂಡ ನಿಮಿಷ ಬರೆಯತೊಡಗಿದೆ. ಮೊದಲ ದಿನ ಎಂಟು. ತಿಂಗಳಾಗುವಷ್ಟರಲ್ಲಿ ಮೂವತ್ತರ ಹತ್ತಿರ. ಒಂದು ದಿನ ಲೈನು ಕೈಕೊಟ್ಟು ಒಮ್ಮೆಲೇ ಐವತ್ತಾಯಿತು, ಮರುದಿನ ಮತ್ತೆ ತನ್ನ ಜಾಡಿಗೆ ಬಂತು. ಅದಕ್ಕೆ ನಾನು ತಲೆಕೆಡಿಸಿಕೊಳ್ಳಲಿಲ್ಲ. ತಲೆಕೆಡಿಸಿದ್ದು ಆ ಸಣ್ಣ ಏರಿಕೆ. ದಿನಾ ಮುಕ್ಕಾಲು ನಿಮಿಷದ ಆಸುಪಾಸು, ತಪ್ಪದೆ.

ಪರದೆಯ ಮೇಲೆ ಮಾತ್ರ ದಿನಾ ಹಸಿರು ದೀಪ, ‘ಯಶಸ್ವಿ’. ಮ್ಯಾನೇಜರ್ ಸಾಹೇಬರಿಗೆ ಅಷ್ಟು ಸಾಕಿತ್ತು. ನಿಮಿಷ ಏರುತ್ತಿದೆ ಎಂದು ಹೇಳಿದರೆ ಅವರದು ಒಂದೇ ಮಾತು.

"ಕಬ್ಬು ಜಾಸ್ತಿ ಬರಾಕತ್ತೈತ್ರಿ ಅಕ್ಕಾರ, ಅದಕ್ಕ ಟೈಮ್ ಹಿಡಿತೈತಿ. ಹಂಗಾಮು ನಡೆದಾಗ ಯಾವದಕ್ಕೂ ಕೈ ಹಚ್ಚಬ್ಯಾಡ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟು ಪುರಾವೆಯಲ್ಲವಲ್ಲ.

ಪುರಾವೆ ಕೊಟ್ಟದ್ದು ಎಳ್ಳಮಾವಾಸ್ಯೆ. ಆ ದಿನ ನಮ್ಮ ಕಡೆ ಯಾರೂ ಹೊಲಕ್ಕೆ ಕುಡಗೋಲು ಹಾಕುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ಅಲ್ಲೇ ಉಂಡು ಬರುತ್ತಾರೆ. ಗೇಟಿಗೆ ಬಂದದ್ದು ಬೆರಳೆಣಿಕೆಯ ಗಾಡಿ. ಹಾಗಾದರೆ ಮರುದಿನ ಸಿಂಕಿಗೆ ಕೆಲಸವೇ ಇರಬಾರದು. ಹನ್ನೆರಡಕ್ಕೆ ಕುರ್ಚಿ ಎಳೆದುಕೊಂಡು ಕುಳಿತೆ. ಹಿಂದಿನ ದಿನ ನಲವತ್ತೇಳು ಆಗಿತ್ತು. ಈಗಲೂ ನಲವತ್ತೇಳೇ!

ಕ್ಯಾಲೆಂಡರ್ ಕಿತ್ತುಕೊಂಡು ಸಾಹೇಬರ ಕೋಣೆಗೆ ನಡೆದೆ.

"ನಿನ್ನೆ ಕಬ್ಬು ಎಷ್ಟ ಬಂದಿತ್ರಿ ಸಾಹೇಬ್ರ?"

"ಅಮಾಸಿರಿ, ಎಲ್ಲಿ ಬರ್ತೈತಿ?"

"ಮತ್ತ ಸಿಂಕಿನ ಟೈಮ್ ಯಾಕ ಕಡಿಮಿ ಆಗಿಲ್ರಿ? ಇದು ಒಂದ ದಿನದ ಕಬ್ಬಿನ ಲೆಕ್ಕ ಅಷ್ಟ ಹೊರಾಕತ್ತಿಲ್ರಿ. ಹಂಗಾಮಿನ ಮೊದಲನೇ ಗಾಡಿಯಿಂದ ಎಲ್ಲಾ ದಿನಾ ಮತ್ತ ಮತ್ತ ಹೊರಾಕತ್ತೈತಿ."

ಅವರ ಮೇಜಿನ ಮೇಲೇ ಗ್ರಾಫ್ ಹಾಳೆ ಹಾಸಿ, ಸ್ಕೇಲು ಇಟ್ಟು ಗೆರೆ ಎಳೆದೆ. ಗೆರೆ ಅರವತ್ತನ್ನು ಮುಟ್ಟಿದ್ದು ಸಂಕ್ರಾಂತಿಯ ನಂತರದ ವಾರದಲ್ಲಿ. ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು.

"ಮೂರು ವಾರನೂ ಇಲ್ಲಲ್ರಿ" ಎಂದು ತಾವೇ ಫೋನು ಎತ್ತಿದರು.

ಪ್ರೋಗ್ರಾಂ ಬರೆದುಕೊಟ್ಟಿದ್ದ ನಿಪ್ಪಾಣಿಯ ಇಂಜಿನಿಯರ್ ಬಂದು ನೋಡಿ, "ಬರೋಬರ್ ಐತ್ರಿ ನಿಮ್ಮ ಮಾತು" ಎಂದ. ಹಿಂದಿನ ಸಲ ಸಿಂಕ್ ಸರಿಯಾಗಿ ಮುಗಿದ ಮೇಲೆ ಹೊಸದಾಗಿ ಬಂದದ್ದು, ತಿದ್ದಿದ್ದು ಮಾತ್ರ ತರುವ ಹಾಗೆ ಬದಲಿಸಿದ. ತಿದ್ದಿದ್ದೂ ಬೇಕೆಂದು ಜಗಳ ತೆಗೆದವಳು ನಾನೇ. ಹಳೆಯ ತೂಕವನ್ನು ಕಾಟಾದವರು ಎರಡು ದಿನದ ಮೇಲೆ ಸರಿಪಡಿಸುವುದುಂಟು, ಅದು ಬಿಟ್ಟುಹೋದರೆ ಮತ್ತೆ ಚೀಟಿ ತಪ್ಪು. ಒಂದು ವಾರ ಹೊಸದನ್ನು ಬೇರೆ ಯಂತ್ರದಲ್ಲಿ ಓಡಿಸಿ, ಎರಡರ ಲೆಕ್ಕ ಸಾಲು ಸಾಲಾಗಿ ತಾಳೆ ನೋಡಿದೆವು. ಒಂದು ಸಾಲೂ ವ್ಯತ್ಯಾಸವಾಗಲಿಲ್ಲ. ಆಮೇಲಷ್ಟೇ ಹಳೆಯದನ್ನು ನಿಲ್ಲಿಸಿದ್ದು.

ಮೊದಲ ದಿನ ಮೂರು ನಿಮಿಷ. ಎರಡನೇ ದಿನ ಮೂರು. ಮೂರನೇ ದಿನವೂ ಮೂರೇ! ನಾನು ಒಬ್ಬಳೇ ಕುಳಿತು ಹುಚ್ಚಿಯ ಹಾಗೆ ನಕ್ಕೆ.

ನನ್ನ ಗೆರೆ ಅರವತ್ತನ್ನು ಮುಟ್ಟಬೇಕಿದ್ದ ದಿನ ಬಂತು. ಹನ್ನೆರಡೂ ಮೂರಕ್ಕೆ ಸಿಂಕ್ ಮುಗಿಯಿತು. ಒಂದಕ್ಕೆ ಚೀಟಿ ಬಂದವು, ಸರಿಯಾದ ಹೊಲಕ್ಕೆ, ಸರಿಯಾದ ಹೆಸರಿಗೆ. ಸಾಹೇಬರು ಬಾಗಿಲಲ್ಲಿ ಇಣುಕಿದರು.

"ಇವತ್ತ ಏನೂ ಆಗ್ಲಿಲ್ಲಲ್ರಿ ಅಕ್ಕಾರ?"

"ಆಗ್ಲಿಲ್ರಿ. ಆಗಬಾರದಂತನ ಇಷ್ಟೆಲ್ಲಾ ಮಾಡಿದ್ದು."

"ನಂದ ತಪ್ಪಾತ್ರಿ" ಎಂದರು ಅವರು, ಪಕ್ಕದ ಕೋಣೆಯವರಿಗೂ ಕೇಳುವ ಹಾಗೆ.

ನನ್ನ ಮೇಜಿನ ಮುಂದೆ ಒಬ್ಬ ರೈತನೂ ಇರಲಿಲ್ಲ. ಎಲ್ಲರೂ ಚೀಟಿ ಹಿಡಿದು, ನಾಳೆಗೆ ಟೋಳಿಯವರನ್ನು ಗೊತ್ತು ಮಾಡಲು ಹೊರಟಿದ್ದರು. ಅವರಲ್ಲಿ ಯಾರಿಗೂ ಯಾವ ಅನಾಹುತ ತಪ್ಪಿತೆಂಬುದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಡಬ್ಬಿ ಬಿಚ್ಚಿ, ಹೊಟ್ಟೆ ತುಂಬ ಉಂಡೆ.