ಐದರ ಕೆಳಗಿನ ಸಾಲು

ಗೋಣಿಬೀಡಿನ ದಿನಸಿ ಅಂಗಡಿ ಗಂಗಾಧರಪ್ಪನವರಿಗೂ ಅವರ ಹೆಂಡತಿ ಶಿವಗಂಗಮ್ಮನಿಗೂ ಬಿ.ಪಿ. ಇದೆಯೆಂದು ಗೊತ್ತಾದದ್ದು ಒಂದೇ ವರ್ಷ, ಎರಡು ಸಾವಿರದ ಮೂರರಲ್ಲಿ. ಮಾತ್ರೆಯ ಹೆಸರೂ ಒಂದೇ. ಗಂಗಾಧರಪ್ಪನವರು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕೈ ಚಾಚಿದರೆ ಮಾತ್ರೆ, ನೀರು ಎರಡೂ ಬರುತ್ತಿದ್ದವು. ತನ್ನದನ್ನು ಶಿವಗಂಗಮ್ಮ ಒಂದು ದೋಸೆಗೂ ಇನ್ನೊಂದು ದೋಸೆಗೂ ನಡುವೆ ನುಂಗಿಕೊಳ್ಳುತ್ತಿದ್ದಳು.

ಈ ಸಲ ಮೂಡಿಗೆರೆಗೆ ಸಾಮಾನು ತರಲು ಹೋದ ಗಂಗಾಧರಪ್ಪನವರೇ ಇಬ್ಬರಿಗೂ ಮಾತ್ರೆ ತಂದಿದ್ದರು. ಆಮೇಲೆ ಶಿವಗಂಗಮ್ಮನಿಗೆ ಶುರುವಾಯಿತು. ಕಾಲು ಸೀಸ ಕಟ್ಟಿದಂತೆ ಭಾರ. ಒಲೆ ಮುಂದಿನಿಂದ ಎದ್ದರೆ ಕಣ್ಣು ಕತ್ತಲೆ.

"ಸುಸ್ತು ರೀ," ಎಂದರೆ, "ವಯಸ್ಸಾಯ್ತು, ಇನ್ನೇನು?" ಎಂದರು, ತಕ್ಕಡಿಯಿಂದ ಕಣ್ಣು ತೆಗೆಯದೆ.

ಒಂದು ಬೆಳಿಗ್ಗೆ ನೀರಿನ ಕೊಡದ ಸಮೇತ ಬಾಗಿಲಿಗೆ ಒರಗಿ ಕುಸಿದಳು. ಯಾರೂ ಬರಲಿಲ್ಲ. ನೆಲ ಒರೆಸಿ, ಮಾತ್ರೆಯ ಡಬ್ಬಿ ತೆಗೆದು, ತನ್ನ ಹಳೆಯ ಖಾಲಿ ಸ್ಟ್ರಿಪ್ಪನ್ನು ಹೊಸದರ ಪಕ್ಕ ಇಟ್ಟಳು. ಹಿಂಬದಿಯಲ್ಲಿ ಎರಡು ಸಾಲು. ಅಕ್ಷರ ಕೂಡಿಸಿ ಓದಿದಳು. ಅಮ್ಲೋಡಿಪಿನ್ ಐದು, ಎರಡರಲ್ಲೂ ಐದೇ. ಕೆಳಗೆ ಅಟೆನೊಲಾಲ್. ಹಳೆಯದರಲ್ಲಿ ಇಪ್ಪತ್ತೈದು, ಹೊಸದರಲ್ಲಿ ಐವತ್ತು.

"ಔಷಧಿ ಅಂಗಡೀಲಿ ಏನಂತ ಕೇಳಿದ್ರಿ?"

"ಐದರದ್ದು ಕೊಡಿ ಅಂದೆ. ಐದೇ ಇದೆಯಲ್ಲ!"

"ಕೆಳಗಿಂದು ನೋಡಿ. ಐವತ್ತು ನಿಮ್ದು. ನಂದು ಇಪ್ಪತ್ತೈದು."

"ಅಷ್ಟಕ್ಕೆ ಯಾಕೆ ರಂಪ? ಮುರಿದು ಅರ್ಧ ತಗೋ."

"ಅರ್ಧ ಮಾಡಿದ್ರೆ ಐದೂ ಎರಡೂವರೆ ಆಗಲ್ವಾ?"

ಗಂಗಾಧರಪ್ಪನವರು ಬೆರಳು ಮಡಿಚಿದರು. ಅಕ್ಕಿ ಬೇಳೆ ಬೆರೆಸಿದ ಚೀಲದಲ್ಲಿ ಬೇಳೆ ಮಾತ್ರ ಅರ್ಧ ಮಾಡಲಾಗದೆಂದು ಅವರಿಗೇನು ಗೊತ್ತಿಲ್ಲವೇ? "ಹಾಗಾದ್ರೆ ಬಿಟ್ಟುಬಿಡು," ಎಂದರು.

ಅವಳು ಅಡಿಗೆ ಮುಚ್ಚಿಟ್ಟು ಒಬ್ಬಳೇ ಮೂಡಿಗೆರೆ ಬಸ್ಸು ಹತ್ತಿದಳು.

ಇಬ್ಬರಿಗೂ ಮಾತ್ರೆ ಬರೆದುಕೊಡುವ ಡಾಕ್ಟರು ವಿಮಲಮ್ಮ ಸ್ಟ್ರಿಪ್ ತಿರುಗಿಸಿ ನೋಡಿದರು. "ಇದು ನಿಮ್ದಲ್ಲ ಅಮ್ಮಾ, ಯಜಮಾನರದ್ದು. ಮುರಿದು ತಗೊಂಡ್ರಾ? ನಿಲ್ಲಿಸಿದ್ರಾ?"

"ಇಲ್ಲ. ನಿಮ್ಮನ್ನ ಕೇಳೋಣ ಅಂತ ಬಂದೆ."

"ಒಳ್ಳೇದಾಯ್ತು. ಕೆಳಗಿನ ಸಾಲಿನ ಔಷಧಿ ಎದೆಬಡಿತ ನಿಧಾನ ಮಾಡುತ್ತೆ. ನಿಮಗೆ ಐವತ್ತು ಜಾಸ್ತಿ. ತಟ್ಟನೆ ಬಿಡೋದೂ ತಪ್ಪು. ಮುಂದಿನ ಡೋಸ್ ಹೇಗೆ ಅಂತ ನಾನು ಹೇಳ್ತೀನಿ. ಇನ್ನು ಮೇಲೆ ಎರಡೂ ಅಂಕಿ ಹೇಳಿ ತಗೊಳ್ಳಿ, ಐದು–ಇಪ್ಪತ್ತೈದು ಅಂತ. ಕೈ ಕೊಡಿ."

ವಿಮಲಮ್ಮ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ಕೂತರು. ಬಡಿತ ತಡೆತಡೆದು ಬರುತ್ತಿತ್ತು. ಎಣಿಕೆಗೆ ಹೊತ್ತು ಹಿಡಿಯಿತು. ಕೊನೆಯದಾಗಿ ಯಾರು ತನ್ನ ಕೈಯನ್ನು ಸುಮ್ಮನೆ, ಏನೂ ಬೇಡದೆ ಹಿಡಿದಿದ್ದರೆಂದು ಶಿವಗಂಗಮ್ಮ ನೆನೆಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ.

"ಇನ್ನೊಂದ್ಸಲ ಎಣಿಸ್ತೀನಿ," ಎಂದರು ವಿಮಲಮ್ಮ.

"ನಿಧಾನ ಎಣಿಸಿ ಡಾಕ್ಟ್ರಮ್ಮ," ಎಂದಳು ಅವಳು.