ಸಂಬಳಕ್ಕೆ ಸೇರದ ಹದಿನಾರು ಗಂಟೆ

ಶಾಲೆಯ ಶಿಕ್ಷಕಿ ಕೆಲಸ ಬಿಟ್ಟ ಮೇಲೆ ನಾನು ಬೆಂಗಳೂರಿನ ಜಯನಗರದ ಒಂದು ಕಚೇರಿಯಲ್ಲಿ ಮೇಲ್ವಿಚಾರಕಿಯಾದೆ. ಬಾಗಲಕೋಟೆ ಕಡೆಯ ಯುವತಿಯೊಬ್ಬಳು ಅಲ್ಲಿ ಗಂಟೆಯ ಲೆಕ್ಕದಲ್ಲಿ ದುಡಿಯುತ್ತಿದ್ದಳು. ಅವಳ ವಾಸ ಬಿಟಿಎಂನ ಬಾಡಿಗೆ ಕೋಣೆಯಲ್ಲಿ. ಏಳು ವರ್ಷದ ಮಗಳು ಊರಿನಲ್ಲಿ ಅಜ್ಜಿಯ ಬಳಿ. ದಸರಾ ರಜೆಯಲ್ಲಿ ಮಗಳನ್ನು ನೋಡಿಬರುವ ಆಸೆಯಿಂದ ಅವಳು ಎರಡು ಭಾನುವಾರ ಕೋಣನಕುಂಟೆ ಶಾಖೆಯಲ್ಲಿ ಹೆಚ್ಚುವರಿ ಕೆಲಸ ಮಾಡಿದಳು. ಅಲ್ಲಿ ಹಾಜರಿ ಯಂತ್ರ ಕೆಟ್ಟಿದ್ದರಿಂದ ಪುಸ್ತಕದಲ್ಲಿ ಸಹಿ ಹಾಕಿದ್ದಳು. ಆ ಹಾಳೆಯಲ್ಲಿ ಸಾಕ್ಷಿಗೆ ಬೇಕಿದ್ದ ಕಾವಲುಗಾರನ ಸಹಿ ಇರಲಿಲ್ಲ. ಅಪೂರ್ಣ ಹಾಳೆಯನ್ನು ಶಾಲೆಯಲ್ಲೂ ನಾನು ಒಪ್ಪಿಕೊಂಡವಳಲ್ಲ; ಇದನ್ನೂ ಮುಂದಕ್ಕೆ ಕಳುಹಿಸದೆ ಇಟ್ಟುಕೊಂಡೆ. ಸಂಬಳ ಬಂದಾಗ ಹದಿನಾರು ಗಂಟೆ ಕಡಿಮೆಯಾಗಿತ್ತು.

ಅಂದೇ ಸಂಬಳ ವಿಭಾಗಕ್ಕೆ ಇಮೇಲ್ ಬರೆದೆ. ಅವಳ ನೌಕರ ಸಂಖ್ಯೆ, ಎರಡು ದಿನಾಂಕ, ಬಂದ ಮತ್ತು ಹೋದ ಹೊತ್ತು ಎಲ್ಲವನ್ನೂ ಕಾಣಿಸಿ, ಹಾಳೆಯ ಚಿತ್ರವನ್ನು ಲಗತ್ತಿಸಿದೆ. ತಪ್ಪು ನನ್ನದೆಂದು ತಿಳಿಸಿ, ವ್ಯತ್ಯಾಸದ ಹಣವನ್ನು ಈ ವಾರವೇ ಕೊಡಬೇಕೆಂದು ಕೋರಿದೆ. ಮರುದಿನ ಉತ್ತರ ಬಂತು: ಗಂಟೆಗಳನ್ನು ಒಪ್ಪಲಾಗಿದೆ, ಬಾಕಿಯನ್ನು ಮುಂದಿನ ಸಂಬಳದೊಂದಿಗೆ ಸೇರಿಸಿ ಕೊಡಲಾಗುವುದು. ಅಷ್ಟರಲ್ಲಿ ರಜೆ ಮುಗಿದಿರುತ್ತಿತ್ತು.

ಬಸ್ಸಿನ ಖರ್ಚನ್ನು ನಾನೇ ಕೊಡುತ್ತೇನೆಂದೆ.

“ಬ್ಯಾಡ್ರಿ ಮೇಡಂ, ಸಾಲ ಮಾಡಿ ಹೋಗಂಗಿಲ್ಲ,” ಎಂದಳು. ಆಮೇಲೆ ಫೋನಿನಲ್ಲಿ ಮಗಳ ಚಿತ್ರ ತೋರಿಸಿದಳು. ಮುಂದಿನ ಎರಡು ಹಲ್ಲು ಬಿದ್ದಿದ್ದವು.

“ಸಂಕ್ರಾಂತಿಗೆ ಹೊಕ್ಕೀನ್ರಿ. ಅಷ್ಟೊತ್ತಿಗೆ ಹೊಸ ಹಲ್ಲು ಬಂದಿರ್ತಾವ. ಈ ಬೊಚ್ಚುಬಾಯಿ ನೋಡೂದು ತಪ್ತು, ಅಷ್ಟ.”