ಫೋನಿನ ಬಾಯಲ್ಲಿ ರೇಷ್ಮೆ ನವಿರು

ನನಗೆ ಅಂಕಿ ಬರುತ್ತೆ. ಅಕ್ಷರ ಕೂಡಿಸಿ ಕೂಡಿಸಿ ಓದ್ತೀನಿ. ರೇಷ್ಮೆ ಗೂಡು ಕೊಳ್ಳೋದಕ್ಕೆ ಅದಕ್ಕಿಂತ ಹೆಚ್ಚೇನೂ ಬೇಕಾಗಿಲ್ಲ.

ನಮ್ಮದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯೋ ಮನೆ. ಯಜಮಾನರು ಹೋದ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಬಂತು. ಗೂಡಿನ ಮಾರ್ಕೆಟ್ಟಲ್ಲಿ ಮೊದಲು ಬಾಯಲ್ಲಿ ಕೂಗ್ತಿದ್ದರು, ಈಗ ಫೋನಲ್ಲಿ ಬೆಲೆ ಒತ್ತಬೇಕು. ಗಂಡಸರ ಮಧ್ಯೆ ನಿಂತು ಕೂಗೋದನ್ನೇ ಕಲಿತವಳಿಗೆ ಒತ್ತೋದು ಯಾವ ದೊಡ್ಡ ವಿದ್ಯೆ? ಗೂಡನ್ನ ಕೈಲಿ ಹಿಡಿದು ಅಮುಕ್ತೀನಿ, ಕಿವಿ ಹತ್ತಿರ ಅಲ್ಲಾಡಿಸ್ತೀನಿ, ಆಮೇಲೆ ಒತ್ತುತೀನಿ. ನನ್ನ ಮಗ ಬರೀ ಬಣ್ಣ ನೋಡ್ತಾನೆ. ಒಂದು ಸಲ ಅವನೇ ತಂದ ಗೂಡು ಬಿಸಿನೀರಿಗೆ ಬಿದ್ದ ಮೇಲೆ ಮಾರಿಗೊಂದು ಸಲ ಎಳೆ ಕಡೀತು. ಒಲೆ ಮುಂದೆ ಕೂತಿದ್ದವಳು ನಾನು, ಅವನಲ್ಲ.

ಈ ಸಲದ ಬೇಸಿಗೆ ಶುರುವಿನಲ್ಲಿ ನನ್ನ ಫೋನಿಗೆ ಚಾರ್ಜು ಏರೋದು ನಿಂತುಹೋಯ್ತು. ಪೂರ್ತಿ ನಿಂತಿದ್ದರೆ ಒಂದು ಥರ. ಏರ್ತಿತ್ತು, ಇರುವೆ ಗೋಡೆ ಹತ್ತೋ ಹಾಗೆ. ಮುದ್ದೆ ತೊಳಸೋಕೆ ಮುಂಚೆ ಹಾಕಿದ್ದು, ಎಲ್ಲರೂ ಉಂಡು ಕೈ ತೊಳೆದರೂ ಮೇಲಕ್ಕೆ ಬಂದಿರ್ತಿರಲಿಲ್ಲ. ವೈರನ್ನ ಒಂದು ಕಡೆ ಓರೆ ಮಾಡಿ, ಕೆಳಗೆ ಮಡಿಸಿದ ಬಟ್ಟೆ ಕೊಟ್ಟರೆ ಚಾರ್ಜು ಹತ್ತೋದು. ಕೈ ತಾಗಿದರೆ ಹೋಗೋದು.

"ಬ್ಯಾಟರಿ ಸತ್ತಿದೆ ಕಣಮ್ಮ. ಎಷ್ಟು ದಿನಾಂತ ಇದನ್ನೇ ಇಟ್ಕೋತೀಯ?" ಅಂದ ಮಗ.

"ನಿನಗಿಂತ ಚಿಕ್ಕದು ಕಣೋ ಅದು. ಸಾಯೋ ವಯಸ್ಸಲ್ಲ," ಅಂದೆ.

ಹೀಗಿರುವಾಗ ಒಂದು ದಿನ ಮಾರ್ಕೆಟ್ಟಲ್ಲಿ ದಿಬ್ಬೂರಹಳ್ಳಿ ಕಡೆಯ ರೈತನೊಬ್ಬನ ಗೂಡು ನೋಡಿದೆ. ಗಟ್ಟಿ, ಒಂದೇ ಗಾತ್ರ, ಅಲ್ಲಾಡಿಸಿದರೆ ಒಣಗಿದ ಸದ್ದು. ಇದು ನನ್ನದೇ ಅಂತ ಬೆರಳು ಇಟ್ಟೆ. ಪರದೆ ಕಪ್ಪಾಯ್ತು. ಮತ್ತೆ ಒತ್ತಿದೆ. ಕಪ್ಪೇ. ಮಗ ಓಡಿಬಂದು ನೋಡೋಷ್ಟರಲ್ಲಿ ಆ ಗೂಡು ಬೇರೆಯವರ ಪಾಲಾಗಿತ್ತು. ಪಕ್ಕದಲ್ಲಿ ನಿಂತಿದ್ದ, ನಮ್ಮ ಹಾಗೇ ನೂಲು ತೆಗೆಯೋ ರೀಲರ್ ಒಬ್ಬ, "ಅಜ್ಜೀ, ಮನೇಲಿ ಮೊಮ್ಮಕ್ಕಳನ್ನ ಆಡಿಸ್ಕೊಂಡಿರಬಾರದಾ?" ಅಂದ.

"ನಿನ್ನಂಥವರನ್ನ ಆಡಿಸೋದಕ್ಕೇ ಇಲ್ಲಿಗೆ ಬರೋದು," ಅಂದೆ. ಅಕ್ಕಪಕ್ಕದವರು ನಕ್ಕರು. ಆದರೆ ಗೂಡು ಹೋಗಿದ್ದು ಹೋಯ್ತು.

ಆಚೆಗೆ ಬಂದ ಮೇಲೆ ಮಗ ಮನಸ್ಸಲ್ಲಿದ್ದದ್ದನ್ನ ಹೊರಗೆ ಹಾಕಿದ. "ಸಾಕಮ್ಮ. ನಿನ್ನ ಸಿಮ್ಮು ನನ್ನ ಫೋನಿಗೆ ಹಾಕ್ಕೋತೀನಿ. ಇನ್ಮೇಲೆ ನಾನೇ ಒತ್ತುತೀನಿ. ನೀನು ಮನೇಲಿರು."

ಮಾರ್ಕೆಟ್ಟಲ್ಲಿ ನನ್ನ ಲೈಸೆನ್ಸಿಗೆ ಸೇರಿಸಿರೋದು ಆ ಸಿಮ್ಮಿನ ನಂಬರನ್ನೇ. ಅಂದರೆ ಲೈಸೆನ್ಸು ನನ್ನದು, ಒಲೆ ನನ್ನದು, ಗೂಡು ಮಾತ್ರ ಅವನು ಆರಿಸೋದು. ಸಿಮ್ಮು ಒಂದು ಸಲ ಆಚೆ ಹೋದರೆ ನಾನು ಮತ್ತೆ ಆ ಮಾರ್ಕೆಟ್ಟಿನ ಬಾಗಿಲು ತುಳಿಯೋದಿಲ್ಲ ಅಂತ ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

"ಫೋನು ಸತ್ತಿದೆಯೋ ಇಲ್ಲವೋ ನಾನು ತಿಳ್ಕೊಂಡು ಬರ್ತೀನಿ. ಅಲ್ಲಿವರೆಗೂ ಸಿಮ್ಮಿಗೆ ಕೈ ಹಾಕಿದರೆ ಕೈ ಮುರೀತೀನಿ," ಅಂದು ಬಸ್ ಸ್ಟಾಂಡ್ ಕಡೆ ನಡೆದೆ. ಚೀಲದಲ್ಲಿ ನನ್ನ ವೈರು, ಅಡಾಪ್ಟರು ಎರಡೂ ಇದ್ದವು.

ಅಲ್ಲಿಯ ಮೊಬೈಲ್ ರಿಪೇರಿ ಅಂಗಡಿಯವರು ನಮ್ಮ ಬೀದಿಯ ಸಾಬರೇ. ಅವರ ಮನೆಯೋರೂ ಹಿಂದೆ ರೇಷ್ಮೆ ಕೆಲಸದವರು. ತಮ್ಮ ವೈರು ತೂರಿಸಿ ನೋಡಿದರು. ಅದು ಪೂರ್ತಿ ಒಳಗೆ ಹೋಗಲಿಲ್ಲ, ಅಲ್ಲಾಡ್ತಿತ್ತು.

"ಅಮ್ಮಾ, ಫೋನ್ ಎಲ್ಲಿ ಇಟ್ಕೋತೀರ?"

"ಸೊಂಟದಲ್ಲಿ. ಇನ್ನೆಲ್ಲಿ, ತಲೆ ಮೇಲಾ?"

"ಗೂಡು ಹಸನು ಮಾಡೋವಾಗಲೂ?"

"ಅವಾಗಲೂ."

ಫೋನು ಆರಿಸಿ, ಟಾರ್ಚು ಬಿಟ್ಟು, ಹಲ್ಲುಕಡ್ಡಿಯಂಥ ಸಣ್ಣ ಮರದ ಕಡ್ಡಿಯಲ್ಲಿ ಮೆಲ್ಲಗೆ ಗೋರಿದರು. ಉಂಡೆಯಾಗಿ ಬಂತು. ಬೆಳ್ಳಗೆ, ಒತ್ತಿ ಒತ್ತಿ ಗಟ್ಟಿಯಾದ ನವಿರು. ಗೂಡಿನ ಮೈಮೇಲಿಂದ ಕೀಳ್ತೀವಲ್ಲ, ಅದೇ. ಜೊತೆಗೆ ಸೆರಗಿನ ದಾರ, ಎಲೆಅಡಿಕೆ ಪುಡಿ. "ಅರೆ ಅಮ್ಮಾ, ಒಳಗೆ ಹುಳ ಗೂಡು ಕಟ್ಟಿಬಿಟ್ಟಿದೆ!" ಅಂತ ನಕ್ಕರು. ನಾನು ದಿನಾ ವೈರು ತುರುಕಿ ತುರುಕಿ ಅದನ್ನ ತಳಕ್ಕೆ ಗಿಡಿದಿದ್ದೆ. ವೈರಿನ ತುದಿ ಒಳಗಿನ ತಗಡನ್ನ ಮುಟ್ಟದೆ ಓರೆಯಾಗಿ ನಿಲ್ತಿತ್ತು.

"ಮನೇಲಿ ಸೇಫ್ಟಿ ಪಿನ್ನು ಹಾಕಿ ಕೆರೀಬೇಡಿ, ಬಾಯಲ್ಲಿ ಊದಬೇಡಿ, ನೀರು ತಾಗಿಸಬೇಡಿ," ಅಂದರು. ಊದಿದ್ದೆ. ಹೇಳಲಿಲ್ಲ.

ಈಗ ವೈರಿನ ತುದಿ ಟಕ್ ಅಂತ ಕೂತುಕೊಳ್ತು. ಆದರೂ ನನ್ನ ವೈರು, ನನ್ನ ಅಡಾಪ್ಟರು ಹಾಕಿದರೆ ಏರಿಕೆ ನಿಧಾನವೇ. ಇನ್ನೇನು ರೋಗ ಅಂದೆ. ಅವರು ವೈರನ್ನ ಬೆರಳಲ್ಲಿ ತಿರುವಿದರು. ಅದು ನಾವು ಶೆಡ್ಡಲ್ಲಿ ಇಟ್ಟಿರೋ ಟಾರ್ಚಿನ ಜೊತೆ ಬಂದಿದ್ದು. ತುದಿ ಒಂದೇ ಥರ ಇದೆ, ತೂತಿಗೆ ಹೊಂದುತ್ತೆ, ಅಷ್ಟು ಸಾಕು ಅಂದುಕೊಂಡಿದ್ದೆ.

"ತುದಿ ಒಂದೇ ಅಮ್ಮಾ, ಒಳಗಿನ ತಂತಿ ಸಪೂರ. ಟಾರ್ಚಿಗೆ ಸಾಕು, ಇದಕ್ಕೆ ಸಾಲದು. ಅಡಾಪ್ಟರ್ ಬೆನ್ನು ನೋಡಿ."

ನೋಡಿದೆ. ಅಂಕಿ ತಾನೆ. ಐದು ವೋಲ್ಟು, ಒಂದು ಆಂಪು. ಯಜಮಾನರ ಹಳೇ ಗುಂಡಿ ಫೋನಿನದು.

"ಐದೊಂದ್ಲ ಐದು. ಐದೇ ವ್ಯಾಟು. ನಿಮ್ಮ ಫೋನಿನ ಬಾಕ್ಸಲ್ಲಿ ಬಂದಿದ್ದು ಮೂವತ್ತಮೂರರದು. ಬೇಗ ಏರಬೇಕಾದರೆ ಅಡಾಪ್ಟರಿಗೂ ಆ ತಾಕತ್ತು ಬೇಕು, ವೈರಿಗೂ ಬೇಕು, ಫೋನೂ ಅದನ್ನ ಒಪ್ಪಬೇಕು. ಮೂರರಲ್ಲಿ ಒಂದು ಕೈಕೊಟ್ಟರೂ ನಿಧಾನವೇ. ಬ್ಯಾಟರಿ ಚೆನ್ನಾಗೇ ಇದೆ. ಬಾಕ್ಸಿನದು ಎಲ್ಲಿ ಹೋಯ್ತು?"

ಅದನ್ನೇ ನಾನೂ ಕೇಳಿಕೊಂಡೆ.

ಮನೆಗೆ ಬಂದವಳೇ ಗೋಡೆಗೆ ಸಿಕ್ಕಿಸಿದ್ದ ಒಂದೊಂದೇ ಅಡಾಪ್ಟರು ಕಿತ್ತು ಬೆನ್ನು ನೋಡಿದೆ. ಸೊಸೆ, "ಏನತ್ತೆ, ಕರೆಂಟಿನವರ ಥರ?" ಅಂದಳು. ಮಗನ ಮಂಚದ ತಲೆ ಹತ್ತಿರ ಸಿಕ್ತು. ಮೂವತ್ತಮೂರು. ಅದರ ದಪ್ಪ ವೈರೂ ಅಲ್ಲೇ, ಅವನ ಫೋನಿಗೆ ಸಿಕ್ಕಿಸಿತ್ತು.

"ಅದು ಫಾಸ್ಟು ಅಂತ ತಗೊಂಡೆ ಕಣಮ್ಮ," ಅಂದ ಮಗ, ತಲೆ ಕೆರೆದುಕೊಂಡು.

"ನಿನ್ನ ಫೋನು ಬೇರೆ ಕಂಪನೀದು. ಇದು ಕೊಡೋ ವೇಗಾನ ಅದು ಒಪ್ಪುತ್ತಾ? ಪರದೆ ಮೇಲೇನು ಬರೆದಿದೆ, ಓದು."

ಓದಿದ. ಚಾರ್ಜಿಂಗ್ ಅಂತಷ್ಟೇ ಇತ್ತು. ಅವನಿಗೂ ಅದರಿಂದ ಏನೂ ಸಿಕ್ಕಿರಲಿಲ್ಲ, ನನ್ನ ಫೋನಿಗೆ ಸಿಗಬೇಕಾದ್ದು ಮಾತ್ರ ತಪ್ಪಿತ್ತು. ಕಿತ್ತುಕೊಂಡು ನನ್ನ ಫೋನಿಗೆ ಹಾಕಿದೆ. ಪರದೆ ಮೇಲೆ ಅಕ್ಷರ ಬಂತು. ಒಂದೊಂದಾಗಿ ಕೂಡಿಸಿ ಗಟ್ಟಿಯಾಗಿ ಓದಿದೆ, ಮನೆಯವರೆಲ್ಲ ಕೇಳಲಿ ಅಂತ: "ವೇ-ಗ-ವಾ-ಗಿ ಚಾರ್ಜ್ ಆಗುತ್ತಿದೆ." ಡೈರಿಗೆ ಹಾಲು ಹಾಕಿ ಬರೋ ಹೊತ್ತಿಗೆ ಅರ್ಧ ದಾಟಿತ್ತು.

"ಸತ್ತಿದ್ದು ಎದ್ದು ಕೂತಿದೆ ನೋಡಪ್ಪ," ಅಂದೆ. "ಹಳೇದಾಗಿದ್ದು ಫೋನೂ ಅಲ್ಲ, ನಾನೂ ಅಲ್ಲ."

ಮಗ ತನ್ನ ಹಳೇ ಅಡಾಪ್ಟರು ಹುಡುಕೋಕೆ ಎದ್ದು ಹೋದ.

ಫೋನನ್ನ ಸೊಂಟದಲ್ಲಿ ಇಟ್ಟುಕೊಳ್ಳೋದನ್ನ ನಾನು ಬಿಟ್ಟಿಲ್ಲ, ಬಿಡೋದೂ ಇಲ್ಲ. ಹಳೇ ರವಿಕೆ ಬಟ್ಟೆಯಲ್ಲಿ ಮುಚ್ಚಳ ಇರೋ ಚೀಲ ಹೊಲಿದೆ. ಅದರೊಳಗಿಟ್ಟು ಸೊಂಟಕ್ಕೆ ಸಿಕ್ಕಿಸ್ತೀನಿ. ಅಡಾಪ್ಟರಿಗೆ ಕೆಂಪು ರೇಷ್ಮೆ ಎಳೆ ಸುತ್ತಿದ್ದೀನಿ. ಅದನ್ನ ಮುಟ್ಟೋ ಧೈರ್ಯ ಈ ಮನೇಲಿ ಯಾರಿಗೂ ಇಲ್ಲ.

ತಿಂಗಳೊಪ್ಪತ್ತು ಕಳೆದ ಮೇಲೆ ಮಾರ್ಕೆಟ್ಟಿಗೆ ಹೋದಾಗ ಆ ದಿಬ್ಬೂರಹಳ್ಳಿ ರೈತ ಇನ್ನೊಂದು ಬೆಳೆ ತಂದಿದ್ದ. ಅಮುಕಿದೆ, ಅಲ್ಲಾಡಿಸಿದೆ, ಒತ್ತಿದೆ. ಪರದೆ ಹೊಳೀತಾನೇ ಇತ್ತು. ಗೂಡು ನನ್ನ ಹೆಸರಿಗೆ ಬಿತ್ತು. ಮೊಮ್ಮಕ್ಕಳನ್ನ ಆಡಿಸು ಅಂದಿದ್ದವನು ಬೇರೆ ಕಡೆ ನೋಡ್ತಿದ್ದ. ನಾನು ಮಗನ ಕಡೆ ತಿರುಗಿದೆ.

"ನಿಂತಿದ್ದೀಯಲ್ಲ. ಮೂಟೆ ಹೊರೋ."